ಒಬ್ಬ ಸತೀಶ, ಹನ್ನೆರಡು ಸ್ಪೆಲ್ಲಿಂಗು

ಕಾಫಿ ರುಚಿಸಿತು. ಪೊಟ್ಟಣದ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ನಾಲ್ಕು ಜನ ಸಿಕ್ಕರು. ನಾಲ್ವರೂ ಅವನೇ ಎಂದು ಯಾರಿಗೂ ಗೊತ್ತಾಗಲಿಲ್ಲ. ಬಾಳೂರಿನಂಥ ಊರಿನಿಂದ ನೇರ ಗ್ರಾಹಕರಿಗೆ ಮಾರಹೊರಟವರು ಮೊದಲು ಸರಿಮಾಡಿಕೊಳ್ಳಬೇಕಾದದ್ದು ತಮ್ಮ ಹೆಸರನ್ನೇ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಕೊಟ್ಟಿಗೆಹಾರದ ಪೇಟೆಯಲ್ಲಿ ಬೆಂಗಳೂರಿನ ನಂಬರ್ ಪ್ಲೇಟಿನ ಕಾರುಗಳು ಸಾಲುಗಟ್ಟಿವೆ. ಚಾರ್ಮಾಡಿ ಘಾಟಿ ಇಳಿಯುವ ಮುನ್ನ ಎಲ್ಲರಿಗೂ ನೀರುದೋಸೆ ಬೇಕು. ಒಂದು ಕಾರಿನ ಮುಂದಿನ ಸೀಟಿನಲ್ಲಿ ಕೂತವರು ಮೊಬೈಲನ್ನು ಕಿಟಕಿಯಾಚೆ ಹಿಡಿದು ಸಿಗ್ನಲ್ಲಿಗಾಗಿ ಕಾಯುತ್ತಿದ್ದಾರೆ.

ಹಿಂದಿನ ರಾತ್ರಿ ಉಳಿದಿದ್ದ ಹೋಮ್‌ಸ್ಟೇಯಲ್ಲಿ ಕುಡಿದ ಕಾಫಿ ಬಾಳೂರಿನ ಯಾರೋ ಸತೀಶ್ ಗೌಡ ಎನ್ನುವವರು ತೋಟದಲ್ಲಿ ಬೆಳೆದು ತಾವೇ ಹುರಿದದ್ದಂತೆ. ಹೋಗುವ ದಾರಿಯಲ್ಲೇ ಎರಡು ಕೆಜಿ ಕೊಳ್ಳೋಣವೆಂದು ಹುಡುಕಿದರೆ ಇನ್‌ಸ್ಟಾಗ್ರಾಮಿನಲ್ಲಿ `malnad_huduga_sathi` ಸಿಗುತ್ತಾನೆ, ರೈನ್‌ಕೋಟು ಹಾಕಿ ಮಂಜಿನ ಕಡೆ ಮುಖ ಮಾಡಿ ನಿಂತಿದ್ದಾನೆ. ಫೇಸ್‌ಬುಕ್ಕಿನಲ್ಲಿ Sathish Gouda, ಮದುವೆಯ ಪೇಟ ತೊಟ್ಟಿದ್ದಾನೆ. ಲಿಂಕ್ಡ್‌ಇನ್ನಿನಲ್ಲಿ Satheesh B R, ಇನ್ನೂ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲೇ ಇದ್ದಾನೆ. ಯೂಟ್ಯೂಬಿನಲ್ಲಿ ಕನ್ನಡ ಲಿಪಿಯ ಹೆಸರಿನ ಚಾನೆಲ್ ಒಂದಿದೆ, ಅದರ ಚಿತ್ರ ಒಂದು ಕಾಫಿ ಹೂವು.

“ರೀ, ಇದರಲ್ಲಿ ಯಾವನು ನಿಮ್ಮ ಸತೀಶ?” ಎಂದು ಪಕ್ಕದವರು ಕೇಳುವ ಹೊತ್ತಿಗೆ ದೋಸೆ ಬಂದಿರುತ್ತದೆ. ಕಾರು ಘಾಟಿ ಇಳಿಯುತ್ತದೆ.

ಈ ಸತೀಶ ಲೆಕ್ಕಕ್ಕಾಗಿ ಕಟ್ಟಿಕೊಂಡ ಮನುಷ್ಯ. ಆದರೆ ಮೂಡಿಗೆರೆ, ಕಳಸದ ಕಡೆ ಬೆಂಗಳೂರು ಬಿಟ್ಟು ಬಂದು ತೋಟ ಹಿಡಿದವರಲ್ಲಿ, ಹೋಮ್‌ಸ್ಟೇ ನಡೆಸುವವರಲ್ಲಿ, ಹಕ್ಕಿಯ ಫೋಟೊ ತೆಗೆಯುವವರಲ್ಲಿ ಇವನಂಥವರನ್ನು ಹುಡುಕುವುದು ಕಷ್ಟವಲ್ಲ. ಅವನ ನಾಲ್ಕು ಖಾತೆಗಳನ್ನು ಒಂದು ಮಾಡುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಅವನ ಮೇಲೇ ಮಾಡಿ ನೋಡೋಣ.

ತೊಂದರೆ ಶುರುವಾಗುವುದು ಇಂಗ್ಲಿಷ್ ಅಕ್ಷರದಲ್ಲಿ

ಸತೀಶ್ ಎನ್ನುವುದನ್ನು ಕನ್ನಡದಲ್ಲಿ ಬರೆಯುವಾಗ ಯಾರಿಗೂ ಗೊಂದಲವಿಲ್ಲ. ಇಂಗ್ಲಿಷಿನಲ್ಲಿ ಅದೇ ಹುಡುಗ Satish, Sathish, Sateesh, Satheesh. ‘ತ’ಕಾರಕ್ಕೆ th ಹಾಕುವುದು ನಮ್ಮ ದಕ್ಷಿಣದವರ ಅಭ್ಯಾಸ, ಶಾಲೆಯ ಹೆಡ್‌ಮಾಸ್ತರರ ಕೈಯಲ್ಲಿ ಯಾವುದು ಬಂತೋ ಅದೇ ಅಂಕಪಟ್ಟಿಗೆ ಹೋಯಿತು. ಗೌಡ ಎಂಬುದು Gowda, Gouda, Gauda. ನಾಲ್ಕನ್ನು ಮೂರರಿಂದ ಗುಣಿಸಿದರೆ ಹನ್ನೆರಡು. ಇನಿಷಿಯಲ್ಲು ಹಿಂದೆಯೋ ಮುಂದೆಯೋ ಎಂಬ ಪ್ರಶ್ನೆ ಇನ್ನೂ ಬಾಕಿ ಇದೆ. (Gouda ಎಂದು ಬರೆದುಕೊಂಡವರ ಪಾಡು ಬೇರೆಯೇ. ಅದು ನೆದರ್ಲೆಂಡ್ಸಿನ ಊರು, ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಪ್ರಸಿದ್ಧ ಚೀಸು. ಗೂಗಲ್ಲಿಗೆ ಗೌಡರಿಗಿಂತ ಚೀಸಿನ ಪರಿಚಯ ಜಾಸ್ತಿ.)

ಊರಿನ ಹೆಸರಿಗೂ ಇದೇ ಗತಿ: Balur, Baluru, Baloor. ಆದರೆ ಊರಿಗೂ ಮನುಷ್ಯನಿಗೂ ಒಂದು ವ್ಯತ್ಯಾಸವಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ Chikmagalur ಹೋಗಿ Chikkamagaluru ಬಂತು. 2019ರಲ್ಲಿ ನಮ್ಮ ಕಾಫಿಗೆ ಸಿಕ್ಕ ಭೌಗೋಳಿಕ ಸೂಚಕ ಮಾತ್ರ ಹಳೆಯ ಸ್ಪೆಲ್ಲಿಂಗಿನಲ್ಲೇ ಇದೆ, Chikmagalur Arabica ಎಂದು. ಯಾವುದನ್ನು ಟೈಪ್ ಮಾಡಿದರೂ ಹುಡುಕಾಟ ಒಂದೇ ಊರಿಗೆ ಬರುತ್ತದೆ, ಯಾಕೆಂದರೆ ನಕ್ಷೆಗಳಲ್ಲಿ, ವಿಶ್ವಕೋಶಗಳಲ್ಲಿ ಎರಡೂ ಒಂದೇ ಎಂದು ಯಾರೋ ದಾಖಲಿಸಿದ್ದಾರೆ.

ಸತೀಶನಿಗೆ ಹಾಗೆ ದಾಖಲಿಸುವವರಿಲ್ಲ. ಸರ್ಚ್ ಎಂಜಿನ್ ಅಷ್ಟಿಷ್ಟು ಸ್ಪೆಲ್ಲಿಂಗ್ ಊಹಿಸುತ್ತದೆ, Satheesh ಹುಡುಕಿದರೆ Satish ಕೂಡ ತೋರಿಸಬಹುದು. ಆದರೆ ಲಿಂಕ್ಡ್‌ಇನ್ನಿನ ಇಂಜಿನಿಯರೂ ರೈನ್‌ಕೋಟಿನ ಹುಡುಗನೂ ಒಬ್ಬನೇ ಎಂದು ಹೇಳಲು ಅದಕ್ಕೆ ಆಧಾರ ಬೇಕು. ಒಂದೇ ಹೆಸರು, ಒಂದೇ ಮುಖ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಇವೇ ಆ ಆಧಾರ.

ಹೆಸರನ್ನು ಒಂದೇ ರೂಪಕ್ಕೆ ತರುವುದಕ್ಕೆ ಇದೇ ಮಲೆನಾಡಿನಲ್ಲಿ ಎರಡು ಹಳೆಯ ಉದಾಹರಣೆಗಳಿವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಮೊದಮೊದಲು ಬರೆಯುತ್ತಿದ್ದಾಗ ಕಿಶೋರ ಚಂದ್ರವಾಣಿ ಆಗಿದ್ದರು. ಆಮೇಲೆ ಊರು, ಅಪ್ಪ, ತಾನು ಮೂವರ ಮೊದಲಕ್ಷರ ಜೋಡಿಸಿಕೊಂಡು ಕುವೆಂಪು ಆದರು, ಮತ್ತೆ ಬದಲಿಸಲಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಎಲ್ಲರೂ Kuvempu ಎಂದೇ ಬರೆಯುತ್ತಾರೆ. ಬೇರೆ ಥರ ಬರೆಯಲು ಆಸ್ಪದ ಕಡಿಮೆ.

ಮಗನ ಹೆಸರು ಅಷ್ಟು ಸುಲಭದ್ದಲ್ಲ. ಮೂಡಿಗೆರೆಯ ತೋಟದಲ್ಲಿ ಬದುಕಿದ ಪೂರ್ಣಚಂದ್ರ ತೇಜಸ್ವಿಯವರನ್ನು ನಾವು Poornachandra Tejaswi ಎಂದು ಹುಡುಕುತ್ತೇವೆ. ಕೆಲವರು Purnachandra ಎನ್ನುತ್ತಾರೆ, ಕೆಲವರು Thejaswi. ಅಮೆರಿಕದ ಗ್ರಂಥಾಲಯಗಳು ಕನ್ನಡವನ್ನು ರೋಮನ್ ಲಿಪಿಗೆ ತರುವ ಪದ್ಧತಿಯ ಪ್ರಕಾರ ಅದು Pūrṇacandra Tējasvi. ಆದರೂ ಓದುಗನಿಗೆ ಪುಸ್ತಕ ಸಿಗುತ್ತದೆ. ಗ್ರಂಥಪಾಲಕರು ಒಂದು ರೂಪವನ್ನು ಅಧಿಕೃತವೆಂದು ಆರಿಸಿ, ಉಳಿದ ರೂಪಗಳ ಕೆಳಗೆಲ್ಲ ‘ಇಲ್ಲಿ ನೋಡಿ’ ಎಂದು ಬರೆದಿಟ್ಟಿರುತ್ತಾರೆ. ಸತೀಶ ಈ ಗ್ರಂಥಪಾಲಕನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕು.

ಯಾವ ಸ್ಪೆಲ್ಲಿಂಗು ಉಳಿಯಬೇಕು?

ಚೆಂದ ಕಾಣುವುದಲ್ಲ, ತಾನು ಬದಲಿಸಲಾಗದ ಕಡೆ ಈಗಾಗಲೇ ಕೂತಿರುವುದು. ಪತ್ರಿಕೆಯ ಇಂಗ್ಲಿಷ್ ವರದಿ, ಕಾಲೇಜಿನ ಜಾಲತಾಣ, ಯಾರೋ ಅತಿಥಿ ಬರೆದ ವಿಮರ್ಶೆ ಇವನ್ನೆಲ್ಲ ತಿದ್ದಿಸಲು ಆಗುವುದಿಲ್ಲ. ತನ್ನ ಖಾತೆಗಳನ್ನು ತಿದ್ದಬಹುದು. ಹಾಗಾಗಿ ಖಾತೆಗಳು ಅವುಗಳ ಕಡೆ ಸರಿಯಬೇಕು.

ಇನ್ನೊಂದು ಜಾಗ ಬ್ಯಾಂಕು. ಯುಪಿಐಯಲ್ಲಿ ಹಣ ಕಳಿಸುವವರಿಗೆ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಎನ್‌ಪಿಸಿಐ 2025ರ ಜೂನ್ 30ರ ಗಡುವು ಕೊಟ್ಟಿತ್ತು. ಪೊಟ್ಟಣದ ಮೇಲೆ Sathish Gouda, ಹಣ ಕಟ್ಟುವಾಗ ಪರದೆಯ ಮೇಲೆ SATISH B R ಎಂದು ಬಂದರೆ ಪುಣೆಯಲ್ಲೋ ದಿಲ್ಲಿಯಲ್ಲೋ ಕೂತವರ ಬೆರಳು ಅಲ್ಲೇ ನಿಲ್ಲುತ್ತದೆ. ಮೋಸದ ಕರೆಗಳ ಕಾಲದಲ್ಲಿ ಅವರನ್ನು ದೂರುವಂತಿಲ್ಲ.

ಬ್ಯಾಂಕಿನಲ್ಲಿ Satish ಇದೆ, ಮೂಡಿಗೆರೆಯ ಬಗ್ಗೆ ಬಂದ ಒಂದು ಇಂಗ್ಲಿಷ್ ವರದಿಯಲ್ಲೂ Satish ಇದೆ ಎಂದುಕೊಳ್ಳೋಣ. ಅಲ್ಲಿಗೆ th, ee ಎರಡೂ ಬಿದ್ದುಹೋದವು.

ಮುಂದಿನದು ಎರಡನೆಯ ಪದ. Satish Gowda ಎಂದು ಹುಡುಕಿದರೆ ಮಂಡ್ಯದಿಂದ ಹಾಸನದವರೆಗೆ ಸಿಗುವ ಸತೀಶ್ ಗೌಡರಿಗೆ ಲೆಕ್ಕವಿಲ್ಲ. B R ಎಂಬ ಇನಿಷಿಯಲ್ಲುಗಳನ್ನು ಗಿರಾಕಿ ನೆನಪಿಡುವುದಿಲ್ಲ. ಉಳಿಯುವುದು ಊರು. ಊರಲ್ಲಿ ಜನ ಕರೆಯುವುದೂ ಬಾಳೂರು ಸತೀಶ ಎಂದೇ.

ಆದರೆ ಇಲ್ಲೊಂದು ಸಿಕ್ಕು. ನಮ್ಮಲ್ಲಿ ಊರು ಮೊದಲು, ಹೆಸರು ಆಮೇಲೆ. ಲಿಂಕ್ಡ್‌ಇನ್ನಿನಂಥ ಕಡೆ ಎರಡು ಖಾನೆ ಇರುತ್ತವೆ: ಮೊದಲ ಹೆಸರು, ಕೊನೆಯ ಹೆಸರು. ಬಾಳೂರನ್ನು ಮೊದಲ ಖಾನೆಗೆ ಹಾಕಿದರೆ ಬರುವ ಮಿಂಚಂಚೆಗಳೆಲ್ಲ ‘ಪ್ರಿಯ ಬಾಳೂರು’ ಎಂದೇ ಶುರುವಾಗುತ್ತವೆ. ಆದ್ದರಿಂದ Satish Balur. ಕನ್ನಡದಲ್ಲಿ ಸತೀಶ್ ಬಾಳೂರು. ಎಲ್ಲ ಕಡೆಯೂ ಇಷ್ಟೇ, ಮಧ್ಯೆ ಚುಕ್ಕಿಯಿಲ್ಲ, ಹಿಂದೆ ಕಾಫಿ ಕಪ್ಪಿನ ಇಮೋಜಿಯಿಲ್ಲ.

ಗೌಡ ಎಂಬುದನ್ನು ಬಿಡುವುದಕ್ಕೆ ಮನೆಯಲ್ಲಿ ಆಕ್ಷೇಪ ಬರಬಹುದು. ದಾಖಲೆಗಳಲ್ಲಿ ಅದು ಇದ್ದೇ ಇರುತ್ತದೆ. ಇದು ಬೋರ್ಡಿನ ಮೇಲಿನ ಹೆಸರು ಮಾತ್ರ. ಕ್ಯೂರಿಂಗ್ ವರ್ಕ್ಸಿಗೆ ಹೋಗುವ ಮೂಟೆಯ ಮೇಲೆ ಎಸ್ಟೇಟಿನ ಗುರುತು ಒತ್ತುವಾಗ ಯಜಮಾನರ ಪೂರ್ತಿ ವಂಶಾವಳಿ ಒತ್ತುವುದಿಲ್ಲವಲ್ಲ, ಹಾಗೆ.

ಹದಿನೈದು ಅಕ್ಷರದ ಬಾಗಿಲು

ಈಗ ಯೂಸರ್‌ನೇಮ್. ಹೆಸರು ಎಷ್ಟು ಉದ್ದವಿರಬಹುದು, ಯಾವ ಚಿಹ್ನೆ ನಡೆಯುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಎಲ್ಲ ಕಡೆ ಒಂದೇ ಹೆಸರು ಬೇಕೆಂದರೆ ಅತಿ ಬಿಗಿಯಾದ ನಿಯಮಕ್ಕೆ ತಕ್ಕಂತೆ ಹೊಲಿಸಬೇಕು. ಬಿಗಿಯಾದದ್ದು ಎಕ್ಸ್‌ನದು. ಅಲ್ಲಿ 15 ಅಕ್ಷರಕ್ಕಿಂತ ಹೆಚ್ಚು ಇಲ್ಲ, ಚುಕ್ಕಿಯೂ ನಡೆಯದು.

ಸತೀಶನಿಗೆ ಮೊದಲು ಹೊಳೆದದ್ದು `satishgowdabalur`. ಎಣಿಸಿ ನೋಡಿ, ಹದಿನಾರು. ಒಂದೇ ಒಂದು ಅಕ್ಷರಕ್ಕೆ ಕೆಟ್ಟಿತು. ಚುಕ್ಕಿ ಹಾಕಿದ `satish.balur` ಇನ್‌ಸ್ಟಾಗ್ರಾಮಿನಲ್ಲಿ ಸಲ್ಲುತ್ತದೆ, ಎಕ್ಸ್‌ನಲ್ಲಿ ಇಲ್ಲ. ಕೆಳಗೆರೆ ಹಾಕಿದ `satish_balur` ಎಕ್ಸ್‌ನಲ್ಲಿ ಸಲ್ಲುತ್ತದೆ, ಫೇಸ್‌ಬುಕ್ಕಿನಲ್ಲಿ ಇಲ್ಲ. ಬರೀ ಅಕ್ಷರಗಳ `satishbalur`, ಹನ್ನೊಂದೇ ಅಕ್ಷರ, ಎಲ್ಲ ಬಾಗಿಲಲ್ಲೂ ನುಸುಳುತ್ತದೆ. ಫೋನಿನಲ್ಲಿ ಬಾಯಿಬಿಟ್ಟು ಹೇಳುವಾಗ ‘ಅಂಡರ್‌ಸ್ಕೋರ್ ಹಾಕಿ ಸಾರ್’ ಎನ್ನುವ ತಾಪತ್ರಯವೂ ಇಲ್ಲ.

---

ಎಲ್ಲಿ ಎಷ್ಟು?

ಎಕ್ಸ್: ಯೂಸರ್‌ನೇಮ್ 15 ಅಕ್ಷರದವರೆಗೆ. ಅಕ್ಷರ, ಅಂಕಿ, ಕೆಳಗೆರೆ ಮಾತ್ರ. ಬಯೊ 160.

ಇನ್‌ಸ್ಟಾಗ್ರಾಮ್: 30ರವರೆಗೆ. ಚುಕ್ಕಿ, ಕೆಳಗೆರೆ ಸಲ್ಲುತ್ತವೆ. ಬಯೊ 150.

ಯೂಟ್ಯೂಬ್: 3ರಿಂದ 30. ಕನ್ನಡ ಲಿಪಿಯೂ ಸಲ್ಲುತ್ತದೆ.

ಫೇಸ್‌ಬುಕ್: ಕನಿಷ್ಠ 5. ಚುಕ್ಕಿ ಹಾಕಿದರೂ ಲೆಕ್ಕಕ್ಕಿಲ್ಲ. ಚುಕ್ಕಿ ಇರುವುದೂ ಇಲ್ಲದ್ದೂ ಒಂದೇ ಹೆಸರು.

ಲಿಂಕ್ಡ್‌ಇನ್: ವಿಳಾಸದ ಕೊನೆಯ ಭಾಗ 3ರಿಂದ 100.

---

ಹೆಸರು ಖಾಲಿ ಇದೆಯೇ ಎಂದು ನೋಡುವುದರಲ್ಲೂ ಎಡವುವುದುಂಟು. ಬ್ರೌಸರಿನಲ್ಲಿ ವಿಳಾಸ ಹೊಡೆದು, ಪುಟ ಸಿಗಲಿಲ್ಲ ಎಂದು ಬಂದ ಮಾತ್ರಕ್ಕೆ ಹೆಸರು ಖಾಲಿ ಎಂದಲ್ಲ. ಯಾರೋ ತಾತ್ಕಾಲಿಕವಾಗಿ ಮುಚ್ಚಿಟ್ಟ ಖಾತೆಯೂ ಹಾಗೆಯೇ ಕಾಣುತ್ತದೆ. ಖಾತೆಯ ಸೆಟ್ಟಿಂಗಿನೊಳಗೆ ಹೋಗಿ ಹೊಸ ಹೆಸರು ಟೈಪ್ ಮಾಡಿದಾಗ ಬರುವ ಉತ್ತರವೇ ಖಚಿತ. ಈಗಿರುವ ನಾಲ್ಕು ಖಾತೆಗಳ ಜೊತೆ ಎಕ್ಸನ್ನೂ ಸೇರಿಸಿಕೊಂಡು ಐದೂ ಕಡೆ ಒಂದೇ ಸಂಜೆ ಕೂತು ನೋಡಿ, ಐದರಲ್ಲೂ ಸಿಗುತ್ತದೆ ಎಂದಾದ ಮೇಲೆ ಮೊದಲನೆಯದನ್ನು ಬದಲಿಸಬೇಕು. ಮೂರು ಬದಲಿಸಿ ನಾಲ್ಕನೆಯದರಲ್ಲಿ ಸಿಕ್ಕಿಬಿದ್ದರೆ ಮತ್ತೆ ಹಿಂದಕ್ಕೆ ಬರುವುದೇ ಒಂದು ಕೆಲಸವಾಗುತ್ತದೆ. ಯೂಟ್ಯೂಬು ಹದಿನಾಲ್ಕು ದಿನಕ್ಕೆ ಎರಡು ಸಲ ಮಾತ್ರ ಬದಲಿಸಲು ಬಿಡುತ್ತದೆ.

ಸಿಗದಿದ್ದರೆ? `satishbalur123` ಬೇಡ. ಅಂಕಿ ಅಂಟಿಸಿದ ಹೆಸರು ನಕಲಿ ಖಾತೆಯಂತೆಯೇ ಕಾಣುತ್ತದೆ. ಕೊನೆಗೊಂದು u ಸೇರಿಸಿದ `satishbaluru` ಕೂಡ ಬೇಡ, ಆ ಇನ್ನೊಬ್ಬ ಸತೀಶನಿಗೆ ನಿಮ್ಮ ಗಿರಾಕಿಗಳೂ ನಿಮಗೆ ಅವನ ಸಾಲಗಾರರೂ ಬರುತ್ತಾರೆ. ಕ್ರಮ ತಿರುಗಿಸಿದ `balursatish` ಒಳ್ಳೆಯ ಎರಡನೆಯ ಆಯ್ಕೆ, ನಮ್ಮ ಬಾಯಿಗೂ ಅದೇ ಒಗ್ಗಿದ್ದು. ಆದರೆ ಅದನ್ನಾದರೂ ಐದೂ ಕಡೆ ಒಂದೇ ಆಗಿ ಇಡಬೇಕು.

ಬದಲಿಸಿದ ಮೇಲೆ ಏನು ಮುರಿಯುತ್ತದೆ ಎಂಬುದನ್ನು ಬಹಳ ಮಂದಿ ಯೋಚಿಸುವುದಿಲ್ಲ. ಹೋಮ್‌ಸ್ಟೇಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡು, ಅಚ್ಚಾದ ಸಾವಿರ ಪೊಟ್ಟಣ, ಹಳೆಯ ಅತಿಥಿ ತನ್ನ ಬರಹದಲ್ಲಿ ಕೊಟ್ಟ ಕೊಂಡಿ, ಇವೆಲ್ಲ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತವೆ. ಬಿಟ್ಟ ಹೆಸರನ್ನು ಮುಂದೆ ಬೇರೆಯವರು ಹಿಡಿಯಲೂಬಹುದು. ಯೂಟ್ಯೂಬು ಹಳೆಯ ಹ್ಯಾಂಡಲನ್ನು ಹದಿನಾಲ್ಕು ದಿನ ಕಾದಿಡುತ್ತದೆ, ಅಷ್ಟೇ. ಚಾನೆಲ್ಲಿನ UC ಎಂದು ಶುರುವಾಗುವ ಉದ್ದದ ಗುರುತುಸಂಖ್ಯೆ ಮಾತ್ರ ಎಂದೂ ಬದಲಾಗುವುದಿಲ್ಲ.

ಅಚ್ಚು ಹಾಕಿಸುವ ವಸ್ತುವಿನ ಮೇಲೆ ಬೇರೆಯವರ ತಾಣದ ವಿಳಾಸ ಹಾಕಿಸದಿರುವುದೇ ಇದಕ್ಕೆ ಮದ್ದು. ಸ್ವಂತದ ಒಂದು .in ಡೊಮೇನ್ ಕೊಂಡು, ಅದರಲ್ಲಿ ಒಂದೇ ಪುಟ ಮಾಡಿ, ಪೊಟ್ಟಣದ ಕ್ಯೂಆರ್ ಕೋಡು ಅಲ್ಲಿಗೆ ಹೋಗುವಂತೆ ಮಾಡಬೇಕು. ಆ ಪುಟದಲ್ಲಿ ಐದೂ ಖಾತೆಗಳ ಕೊಂಡಿ ಇರಲಿ. ಐದೂ ಖಾತೆಗಳಿಂದ ಆ ಪುಟಕ್ಕೆ ಕೊಂಡಿ ಇರಲಿ. ಪುಟ ಮಾಡಿಕೊಡುವ ಹುಡುಗನಿಗೆ ‘ಇದರಲ್ಲಿ Person ಮಾರ್ಕಪ್ ಹಾಕಿ, `sameAs` ಕೆಳಗೆ ಈ ಐದು ವಿಳಾಸ ಕೊಡು’ ಎಂದರೆ ಅವನಿಗೆ ಅರ್ಥವಾಗುತ್ತದೆ. ಈ ಐವರೂ ಒಬ್ಬನೇ ಎಂದು ಸರ್ಚ್ ಎಂಜಿನ್ನಿಗೆ ಅದರದ್ದೇ ಭಾಷೆಯಲ್ಲಿ ಹೇಳುವ ಸಾಲು ಅದು. ಗ್ರಂಥಪಾಲಕರ ‘ಇಲ್ಲಿ ನೋಡಿ’ ಚೀಟಿ ಇಲ್ಲಿ ಈ ರೂಪದಲ್ಲಿದೆ.

---

ಬಂದು ಹೋದ ಕಾರ್ಡು

2020ರ ಆಗಸ್ಟಿನಲ್ಲಿ ಗೂಗಲ್ ಭಾರತದಲ್ಲೇ ಮೊದಲು ‘ಪೀಪಲ್ ಕಾರ್ಡ್’ ಎಂಬ ಸೌಲಭ್ಯ ತಂದಿತ್ತು. ಹೆಸರು, ವೃತ್ತಿ, ಊರು, ಖಾತೆಗಳ ಕೊಂಡಿ ತುಂಬಿದರೆ ಹುಡುಕಾಟದಲ್ಲಿ ಕಾರ್ಡು ಕಾಣುತ್ತಿತ್ತು. ಆಮೇಲೆ ಅದನ್ನು ನಿಲ್ಲಿಸಿತು. ಈಗಲೂ ಅದನ್ನು ಮಾಡಿಕೊಡುತ್ತೇವೆಂದು ದುಡ್ಡು ಕೇಳುವವರಿದ್ದರೆ ಕೊಡಬೇಡಿ.

---

ಮಂಜಿಗೆ ಮುಖ ಮಾಡಿ ನಿಂತವರು

ಚಿತ್ರದ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯ ಪ್ರೊಫೈಲುಗಳೆಲ್ಲ ಒಂದೇ ಅಚ್ಚು. ಹಸಿರು ಗುಡ್ಡ, ಮಂಜು, ಬೆನ್ನು. ಬೆನ್ನಿನಿಂದ ಯಾರನ್ನೂ ಗುರುತಿಸಲಾಗದು. ಫೋನಿನ ಹುಡುಕಾಟದ ಪಟ್ಟಿಯಲ್ಲಿ ಪ್ರೊಫೈಲ್ ಚಿತ್ರ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿ, ದುಂಡಗೆ ಕಾಣುತ್ತದೆ. ಅಷ್ಟರಲ್ಲಿ ಗುಡ್ಡವೂ ಮನುಷ್ಯನೂ ಇಬ್ಬರೂ ಹಿಡಿಸುವುದಿಲ್ಲ.

ಮುಖ ಚೌಕದ ಅರ್ಧಕ್ಕಿಂತ ಹೆಚ್ಚು ತುಂಬಿರಬೇಕು, ಹಿಂದೆ ಒಂದೇ ಬಣ್ಣ ಇದ್ದರೆ ಒಳ್ಳೆಯದು. ಕಣದಲ್ಲಿ ಬಿಳಿಗೋಡೆಯ ಮುಂದೆ ಬೆಳಗಿನ ನೆರಳಿನಲ್ಲಿ ನಿಂತರೆ ಸಾಕು, ಸ್ಟುಡಿಯೊ ಬೇಡ. ನಾಲ್ಕು ಮೂಲೆಗಳು ದುಂಡಗೆ ಕತ್ತರಿಸಿ ಹೋಗುತ್ತವೆ ಎಂಬುದನ್ನು ನೆನಪಿಟ್ಟು ಮುಖವನ್ನು ನಡುವಿನಲ್ಲಿಡಬೇಕು. ತೆಗೆದ ಮೂಲ ಫೈಲನ್ನೇ ಎಲ್ಲ ಕಡೆ ಏರಿಸಬೇಕು. ಒಬ್ಬರಿಂದ ಒಬ್ಬರಿಗೆ ವಾಟ್ಸ್ಆ್ಯಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಉಳಿಯುತ್ತದೆ.

ಮುಖವೋ ಲೋಗೊವೋ ಎಂಬ ಚರ್ಚೆಗೆ ನನ್ನ ಉತ್ತರ ಸರಳ. ಹುಡುಕುವವರು ಸತೀಶ ಎಂಬ ಮನುಷ್ಯನನ್ನು ಹುಡುಕುತ್ತಿದ್ದರೆ ಮುಖ. ಎಸ್ಟೇಟಿನ ಹೆಸರನ್ನು ಹುಡುಕುತ್ತಿದ್ದರೆ ಲೋಗೊ. ಎರಡೂ ಇದ್ದರೆ ಎರಡು ಬೇರೆ ಖಾತೆ. ಒಂದು ಕಡೆ ಮುಖ, ಇನ್ನೊಂದು ಕಡೆ ಲೋಗೊ, ಮೂರನೆಯ ಕಡೆ ಹೂವು ಎಂದು ಬೆರಕೆ ಮಾಡಿದರೆ ಮೂರೂ ಕೆಲಸಕ್ಕೆ ಬರುವುದಿಲ್ಲ. ಮೇಲಿನ ಅಗಲದ ಚಿತ್ರದಲ್ಲಿ ತೋಟ, ಮಂಜು, ಕಾಫಿ ಹೂವು ಏನು ಬೇಕಾದರೂ ಹಾಕಬಹುದು. ಎಕ್ಸ್‌ನಲ್ಲಿ ಅದು 1500×500, ಲಿಂಕ್ಡ್‌ಇನ್ನಿನಲ್ಲಿ 1584×396. ಎರಡರಲ್ಲೂ ಎಡ ಕೆಳಮೂಲೆಯನ್ನು ಪ್ರೊಫೈಲ್ ಚಿತ್ರ ಮುಚ್ಚುತ್ತದೆ. ಎಸ್ಟೇಟಿನ ಹೆಸರನ್ನು ಆ ಮೂಲೆಯಲ್ಲಿ ಬರೆಸಿದವರ ಬ್ಯಾನರುಗಳು ಬೇಕಾದಷ್ಟಿವೆ.

ನೂರೈವತ್ತರಲ್ಲಿ ಒಂದು ಬದುಕು

ಬಯೊವನ್ನು ಚಿಕ್ಕ ಜಾಗದಿಂದ ಶುರುಮಾಡಬೇಕು. ಇನ್‌ಸ್ಟಾಗ್ರಾಮಿನ 150ಕ್ಕೆ ಹಿಡಿಸುವ ಸಾಲು ಮೊದಲು ಬರೆದು, ಅದನ್ನೇ ಲಿಂಕ್ಡ್‌ಇನ್ನಿನಲ್ಲಿ ಬೆಳೆಸಬೇಕು. ಮೊದಲ ವಾಕ್ಯ ಎಲ್ಲ ಕಡೆಯೂ ಒಂದೇ.

ಸತೀಶನ ಇನ್‌ಸ್ಟಾಗ್ರಾಮಿನಲ್ಲಿ ಈಗಿರುವುದು: ‘ಕಾಫಿ ಪ್ರೇಮಿ, ಮಳೆ ಹುಚ್ಚ, ಅಲೆಮಾರಿ’. ಇದರಲ್ಲಿ ಹುಡುಕುವವರಿಗೆ ಬೇಕಾದ ಒಂದು ಪದವೂ ಇಲ್ಲ. ಬದಲಿಗೆ ಇದು:

‘ಬಾಳೂರಿನ ಕಾಫಿ ಬೆಳೆಗಾರ, ರೋಸ್ಟರ್. ಸ್ವಂತ ತೋಟದ ಅರೇಬಿಕಾ. ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು.’

ಏನು ಮಾಡುತ್ತಾನೆ, ಏನು ಸಿಗುತ್ತದೆ, ಎಲ್ಲಿ. ನೂರು ಅಕ್ಷರವೂ ಆಗಲಿಲ್ಲ. ಉಳಿದ ಜಾಗದಲ್ಲಿ ಇದನ್ನೇ ಚುಟುಕಾಗಿ ಇಂಗ್ಲಿಷಿನಲ್ಲಿ ಬರೆಯಬಹುದು. ಕನ್ನಡ ಜಾಗ ತಿನ್ನುತ್ತದೆ ಎಂಬ ಭಯ ಸುಳ್ಳು. ಕಂಪ್ಯೂಟರು ಕಾಗುಣಿತ, ಒತ್ತುಗಳನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ ನಿಜ, ಆದ್ದರಿಂದ ನಮ್ಮ ಕಣ್ಣಿಗೆ ಆರು ಅಕ್ಷರವಾದ ಚಿಕ್ಕಮಗಳೂರು ಅದಕ್ಕೆ ಹನ್ನೊಂದು. ಇಂಗ್ಲಿಷಿನ Chikkamagaluru ಹದಿನಾಲ್ಕು!

ಕಳಸದ ಕಡೆಯವರು ಇಲ್ಲೊಂದು ಸಂಗತಿ ಗಮನಿಸಬೇಕು. ಕಳಸ ಈಗ ತಾನೇ ಒಂದು ತಾಲ್ಲೂಕು. ಹಳೆಯ ಬಯೊಗಳಲ್ಲಿ ಮೂಡಿಗೆರೆ ತಾಲ್ಲೂಕು ಎಂದೇ ಇದ್ದರೆ, ಹೊಸ ಖಾತೆಯಲ್ಲಿ ಕಳಸ ಎಂದಿದ್ದರೆ, ಒಂದೇ ತೋಟ ಎರಡು ಊರಿನದಾಗಿ ಕಾಣುತ್ತದೆ.

ಸರಿಯಾಯಿತೇ ಎಂದು ನೋಡುವುದು

ತನ್ನ ಫೋನಿನಲ್ಲಿ ತನ್ನ ಹೆಸರು ಹುಡುಕಿ ತಾನೇ ಮೊದಲು ಬಂದೆನೆಂದು ಖುಷಿಪಡುವುದು ವ್ಯರ್ಥ. ಅದಕ್ಕೆ ಅವನು ಯಾರೆಂದು ಗೊತ್ತು. ಬೇರೆ ಊರಿನ ನೆಂಟರ ಫೋನಿನಲ್ಲಿ, ಇನ್‌ಕಾಗ್ನಿಟೊ ಕಿಟಕಿ ತೆರೆದು, ಮೂರು ಸಲ ಹುಡುಕಿಸಬೇಕು: Satish Balur, Satheesh Balur coffee, ಸತೀಶ್ ಬಾಳೂರು. ಮೊದಲ ಪುಟದಲ್ಲಿ ಒಂದೇ ಮುಖದ ಎರಡು ಮೂರು ಖಾತೆ ಕಂಡರೆ ಕೆಲಸ ಆಗಿದೆ. ಬದಲಾವಣೆ ಹುಡುಕಾಟಕ್ಕೆ ಇಳಿಯಲು ಕೆಲವು ದಿನದಿಂದ ಕೆಲವು ವಾರ ಹಿಡಿಯುತ್ತದೆ. ಮರುದಿನವೇ ಕಾಣಲಿಲ್ಲವೆಂದು ಮತ್ತೆ ಹೆಸರು ಬದಲಿಸಿದರೆ ಕೆಟ್ಟಿತು. ವೈಟ್‌ಫೀಲ್ಡಿನ ಹಳೆಯ ಕಂಪನಿಯ ಪುಟದಲ್ಲಿರುವ ಹೆಸರು ಮಾತ್ರ ಅವರು ತೆಗೆಯುವವರೆಗೂ ಅಲ್ಲೇ ಇರುತ್ತದೆ.

ಒಂದೇ ಹೆಸರಿನಿಂದ ಬರುವ ಅಪಾಯವೂ ಇದೆ. ಎಲ್ಲ ಕಡೆ ಒಂದೇ ಹೆಸರಿದ್ದರೆ ಹಿಂದೆಬೀಳುವವನಿಗೂ ದಾರಿ ಸುಲಭ. ಒಂದೇ ಯೂಸರ್‌ನೇಮ್ ಯಾವ ಯಾವ ತಾಣದಲ್ಲಿದೆ ಎಂದು ನಿಮಿಷದಲ್ಲಿ ಹುಡುಕಿಕೊಡುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಕಾಲೇಜಿನ ದಿನಗಳಲ್ಲಿ ಅದೇ ಹೆಸರಿನಲ್ಲಿ ಆಡಿದ ಜಗಳವೂ ಕಾಫಿಯ ಜೊತೆಗೆ ಬಡಿಸಲ್ಪಡುತ್ತದೆ. ಆದ್ದರಿಂದ ಮಕ್ಕಳ ಫೋಟೊ, ರಾಜಕೀಯ, ನೆಂಟರಿಷ್ಟರ ಖಾತೆಗೆ ಹೆಸರೂ ಚಿತ್ರವೂ ಮಿಂಚಂಚೆಯೂ ಬೇರೆಯೇ ಇರಲಿ. ಒಂಟಿಯಾಗಿ ಹೋಮ್‌ಸ್ಟೇ ನಡೆಸುವ ಹೆಂಗಸರು ಮುಖ ಹಾಕದೆ ಎಸ್ಟೇಟಿನ ಹೆಸರಲ್ಲೇ ಇರುವುದನ್ನು ಆರಿಸಿಕೊಂಡರೆ ಅದರಲ್ಲಿ ತಪ್ಪೇನಿಲ್ಲ; ಆಗ ಲೋಗೊ, ಎಸ್ಟೇಟಿನ ಯೂಸರ್‌ನೇಮ್, ಎಸ್ಟೇಟಿನ ಹೆಸರಿನ ಬ್ಯಾಂಕ್ ಖಾತೆ ಈ ಮೂರು ಹೊಂದಿದರಾಯಿತು.

ಪ್ರವಾಸದ ದಿನಗಳಲ್ಲಿ ಇನ್ನೊಂದು ಕಾಟ, ಹೋಮ್‌ಸ್ಟೇಗಳ ಹೆಸರಿನಲ್ಲಿ ನಕಲಿ ಪುಟ ಮಾಡಿ ಮುಂಗಡ ಹೊಡೆಯುವವರದು. ಅವರು ಚಿತ್ರ, ಬಯೊ ಎಲ್ಲವನ್ನೂ ಯಥಾವತ್ತು ಕದಿಯುತ್ತಾರೆ. ಯೂಸರ್‌ನೇಮನ್ನು ಮಾತ್ರ ಕದಿಯಲಾಗದು, ಅಲ್ಲೊಂದು ಅಂಡರ್‌ಸ್ಕೋರೋ ಅಂಕಿಯೋ ಸೇರಿಸಲೇಬೇಕು. ಅಸಲಿ ಖಾತೆಗಳೆಲ್ಲ ಒಂದೇ ಹೆಸರಿನವು, ಅವುಗಳ ಪಟ್ಟಿ ಸ್ವಂತ ಡೊಮೇನಿನಲ್ಲಿದೆ ಎಂದಾದರೆ ದಿಲ್ಲಿಯಲ್ಲಿ ಕೂತವರೂ ಹಣ ಕಳಿಸುವ ಮುಂಚೆ ತಾಳೆ ನೋಡಬಹುದು. ನಕಲಿಯನ್ನು ದೂರು ಕೊಟ್ಟು ತೆಗೆಸುವಾಗ ಆ ತಾಣದವರಿಗೆ ತೋರಿಸಲೂ ಅದೇ ಪುಟ ಬೇಕಾಗುತ್ತದೆ. ದುಡ್ಡು ಹೋಗಿದ್ದರೆ ಮೊದಲ ಕರೆ 1930ಕ್ಕೆ.